ಮೀರತ್‌ನ ಚಿನ್ನ ಮತ್ತು ಮೂರು ಮನೆಯ ಕೋಷ್ಟಕ

1947ರ ಸೆಪ್ಟೆಂಬರ್ 20ರ ರಾತ್ರಿ ಅಮೃತಸರದ ಚಿನ್ನದ ವ್ಯಾಪಾರಿ ರಲಿಯಾ ರಾಮ್ ಮೀರತ್‌ನಲ್ಲಿ ರೈಲಿನಿಂದ ಇಳಿದರು. ಕೈಯಲ್ಲಿ 103 ತೊಲಕ್ಕೂ ಮಿಕ್ಕಿದ ಚಿನ್ನ, ಜೊತೆಗೆ ಎರಡು ಮಣಕ್ಕಿಂತ ಹೆಚ್ಚು ಬೆಳ್ಳಿ. ಅವನ್ನು ಅಲ್ಲಿನ ಪೇಟೆಯಲ್ಲಿ ಮಾರಬೇಕೆಂದು ಹೊರಟವರನ್ನು ಮೂವರು ಕಾನ್‌ಸ್ಟೇಬಲ್‌ಗಳು ತಡೆದರು. ಇದು ಕದ್ದ ಮಾಲಿರಬಹುದೆಂಬ ಶಂಕೆಯ ಮೇಲೆ ಠಾಣೆಗೆ ಕರೆದೊಯ್ದು, ಮಾಲನ್ನು ವಶಪಡಿಸಿಕೊಂಡು, ಅವರನ್ನು ಲಾಕಪ್ಪಿಗೆ ಹಾಕಿದರು. ಮರುದಿನ ಜಾಮೀನು ಸಿಕ್ಕಿತು. ಆಮೇಲೆ ಬೆಳ್ಳಿಯೂ ಕೈಸೇರಿತು. ಚಿನ್ನ ಮಾತ್ರ ಬರಲೇ ಇಲ್ಲ. ಠಾಣೆಯ ಮಾಲ್‌ಖಾನೆಯ ಉಸ್ತುವಾರಿಯಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಅದನ್ನು ಎತ್ತಿಕೊಂಡು ಅಕ್ಟೋಬರ್‌ನಲ್ಲಿ ಪಾಕಿಸ್ತಾನಕ್ಕೆ ಪರಾರಿಯಾಗಿದ್ದ. ಚಿನ್ನ ಕೊಡಿ, ಇಲ್ಲವೇ ಅದರ ಬೆಲೆ ಕೊಡಿ ಎಂದು ವ್ಯಾಪಾರಿಯ ಸಂಸ್ಥೆ ಉತ್ತರಪ್ರದೇಶ ಸರ್ಕಾರದ ಮೇಲೆ ದಾವೆ ಹೂಡಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿದಾಗ ಐವರು ನ್ಯಾಯಮೂರ್ತಿಗಳ ಪೀಠ ಪೊಲೀಸರು ನಿರ್ಲಕ್ಷ್ಯ ತೋರಿದ್ದು ನಿಜ ಎಂದು ಒಪ್ಪಿತು. ಆದರೂ ವ್ಯಾಪಾರಿಗೆ ಒಂದು ಬಿಡಿಗಾಸೂ ಕೊಡಿಸಲಿಲ್ಲ.

ಅಪಕೃತ್ಯ ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯ ನೋಟ್ಸಿನಲ್ಲೂ ಆ ಸಂಸ್ಥೆಯ ಹೆಸರಿನಲ್ಲಿ ‘ಕಸ್ತೂರಿಲಾಲ್ ವಿರುದ್ಧ ಉತ್ತರಪ್ರದೇಶ ಸರ್ಕಾರ’ ಎಂದು ಕರೆಯುವ ಈ ಪ್ರಕರಣ ಇದ್ದೇ ಇರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಆ ನೋಟ್ಸು ಮೂರು ಮನೆಗಳ ಕೋಷ್ಟಕಕ್ಕೆ ಇಳಿಯುತ್ತದೆ. ಸಂಗತಿ: ಪೊಲೀಸರು ಚಿನ್ನ ವಶಪಡಿಸಿಕೊಂಡರು, ಹೆಡ್ ಕಾನ್‌ಸ್ಟೇಬಲ್ ಕದ್ದೊಯ್ದ. ರೇಷಿಯೊ: ಸಾರ್ವಭೌಮ ಕಾರ್ಯಗಳಿಗೆ ಸರ್ಕಾರ ಹೊಣೆಯಲ್ಲ. ಫಲಿತಾಂಶ: ಮೇಲ್ಮನವಿ ವಜಾ.

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೂ ಪ್ರಶ್ನೆಪತ್ರಿಕೆಯಲ್ಲಿ ಸಮಸ್ಯೆಯ ಪ್ರಶ್ನೆ ಬಂದರೆ ಈ ಸಾಲು ವಿದ್ಯಾರ್ಥಿಯ ಕೈಬಿಡುತ್ತದೆ. ಅದನ್ನು ಬರೆದ ವಿಧಾನವೇ ಇದಕ್ಕೆ ಕಾರಣ. ಒಂದು ತೀರ್ಪು ಓದಿ ಒಂದು ಸಾಲು ತುಂಬಿ, ಮುಂದಿನ ತೀರ್ಪಿಗೆ ಹೋಗಿ ಇನ್ನೊಂದು ಸಾಲು ತುಂಬಿದರೆ ಸಿಗುವುದು ಗೆರೆ ಎಳೆದ ಸಾರಾಂಶಗಳ ಪಟ್ಟಿ. ಹೋಲಿಕೆಯ ಕೋಷ್ಟಕವಾಗಬೇಕಾದರೆ ಅದನ್ನು ಮೇಲಿಂದ ಕೆಳಕ್ಕೆ ಓದುವಂತಿರಬೇಕು. ಒಂದು ಸಾಲಿನ ಸಂಗತಿಗೂ ಅದರ ಕೆಳಗಿನ ಸಾಲಿನ ಸಂಗತಿಗೂ ಇರುವ ವ್ಯತ್ಯಾಸವೇ ಎರಡರ ಫಲಿತಾಂಶ ಬೇರೆಯಾಗಿದ್ದಕ್ಕೆ ಕಾರಣ ಎಂದು ಕಣ್ಣಿಗೆ ಬೀಳಬೇಕು. ಹಾಗಾಗಬೇಕೆಂದರೆ ಒಂದೇ ಕಾನೂನು ಪ್ರಶ್ನೆಯ ಸುತ್ತ ಬಂದ ನಾಲ್ಕೈದು ತೀರ್ಪುಗಳನ್ನು ಓದಿ ಮುಗಿಸುವವರೆಗೆ ಸಂಗತಿಯ ಮನೆಯನ್ನು ತುಂಬಬಾರದು.

ಸರ್ಕಾರಿ ನೌಕರನ ತಪ್ಪಿಗೆ ಸರ್ಕಾರ ಹೊಣೆಯೇ ಎಂಬ ಪ್ರಶ್ನೆ ಇದಕ್ಕೆ ಒಳ್ಳೆಯ ಉದಾಹರಣೆ. ಇದರ ಮೊದಲ ಸಾಲು 1861ರದು. ಪೆನಿನ್ಸುಲರ್ ಅಂಡ್ ಓರಿಯಂಟಲ್ ಹಡಗು ಕಂಪನಿಯ ಕುದುರೆಗಾಡಿ ಕಲ್ಕತ್ತಾದ ಕಿಡ್ಡರ್‌ಪುರದ ಸರ್ಕಾರಿ ಹಡಗುಕಟ್ಟೆಯ ಒಳದಾರಿಯಲ್ಲಿ ಹೋಗುತ್ತಿತ್ತು. ಕಟ್ಟೆಯ ಕೆಲಸಗಾರರು ಭಾರಿ ಕಬ್ಬಿಣದ ತುಂಡೊಂದನ್ನು ದಾರಿಗೆ ಅಡ್ಡಲಾಗಿ ಹೊತ್ತು ಸಾಗುತ್ತಿದ್ದವರು, ಗಾಡಿ ಹತ್ತಿರ ಬಂದಾಗ ಗಾಬರಿಬಿದ್ದು ಅದನ್ನು ಅಲ್ಲೇ ಕೆಡವಿದರು. ಸದ್ದಿಗೆ ಕುದುರೆಗಳು ಬೆದರಿ ನುಗ್ಗಿದವು, ಒಂದಕ್ಕೆ ಪೆಟ್ಟಾಯಿತು. ಕಂಪನಿ ಕೇಳಿದ್ದು 350 ರೂಪಾಯಿ. ಖಾಸಗಿಯವರೂ ನಡೆಸಬಹುದಾದಂಥ ಉದ್ಯಮವನ್ನು ಸರ್ಕಾರ ನಡೆಸುವಾಗ ಅದರ ನೌಕರರ ನಿರ್ಲಕ್ಷ್ಯಕ್ಕೆ ಸರ್ಕಾರವೇ ಹೊಣೆ ಎಂದು ಮುಖ್ಯ ನ್ಯಾಯಮೂರ್ತಿ ಬಾರ್ನ್ಸ್ ಪೀಕಾಕ್ ಹೇಳಿದರು. ಬ್ರಿಟಿಷರ ಕಾಲದ ಈ ಮಾತು ಇಂದಿಗೂ ಪರೀಕ್ಷೆಗೆ ಬರುವುದೇಕೆ? ಸಂವಿಧಾನದ 300ನೇ ವಿಧಿ ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕಿನ ವ್ಯಾಪ್ತಿಯನ್ನು ತಾನೇ ಹೇಳದೆ ಹಿಂದಿನ ಕಾಯ್ದೆಗಳತ್ತ ಬೆರಳು ತೋರಿಸುತ್ತದೆ. ಆ ಬೆರಳಿನ ಜಾಡು ಹಿಡಿದು ಹೋದರೆ 1858ರ ಕಾಯ್ದೆಯವರೆಗೂ ಹೋಗಬೇಕು. ಅದಕ್ಕೆ ಅರ್ಥ ಕೊಟ್ಟದ್ದು ಈ ಕುದುರೆಗಾಡಿಯ ಪ್ರಕರಣ.

ಎರಡನೆಯದು 1962ರ ವಿದ್ಯಾವತಿ ಪ್ರಕರಣ. ಉದಯಪುರದ ಕಲೆಕ್ಟರರ ಬಳಕೆಗಿದ್ದ ಸರ್ಕಾರಿ ಜೀಪನ್ನು ರಿಪೇರಿ ಮಾಡಿಸಿ, ವರ್ಕ್‌ಶಾಪಿನಿಂದ ವಾಪಸು ತರುತ್ತಿದ್ದ ಚಾಲಕ ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದ. ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಂಡತಿ ಮತ್ತು ಮೂರು ವರ್ಷದ ಮಗಳು ದಾವೆ ಹೂಡಿದರು. ಹೈಕೋರ್ಟ್ 15,000 ರೂಪಾಯಿ ಕೊಡಿಸಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೂರನೆಯದು 1965ರ ಕಸ್ತೂರಿಲಾಲ್. ನಾಲ್ಕನೆಯದು 1994ರ ನಾಗೇಂದ್ರ ರಾವ್ ವಿರುದ್ಧ ಆಂಧ್ರಪ್ರದೇಶ ಸರ್ಕಾರ. ಅಲ್ಲಿ ಅಧಿಕಾರಿಗಳು ಅಗತ್ಯ ವಸ್ತುಗಳ ಕಾಯ್ದೆಯಡಿ ವ್ಯಾಪಾರಿಯೊಬ್ಬರ ಗೊಬ್ಬರ ಮತ್ತು ಧಾನ್ಯದ ದಾಸ್ತಾನನ್ನು ವಶಪಡಿಸಿಕೊಂಡಿದ್ದರು. ಕೊನೆಗೆ ಬಹುಪಾಲು ಮಾಲನ್ನು ಹಿಂದಿರುಗಿಸಿ ಎಂದು ಆದೇಶವಾಯಿತು. ವ್ಯಾಪಾರಿ ತೆಗೆದುಕೊಳ್ಳಲು ಹೋದಾಗ ಅದು ಹಾಳಾಗಿತ್ತು. ಸುಪ್ರೀಂ ಕೋರ್ಟ್ ಸರ್ಕಾರವನ್ನು ಹೊಣೆ ಮಾಡಿತು.

ಈಗ ನಾಲ್ಕನ್ನೂ ಒಂದರ ಕೆಳಗೊಂದು ಇಟ್ಟು ನೋಡಬೇಕು. ಚಿನ್ನದ ತೂಕ, ಕುದುರೆಯ ಗಾಯ, ಜೀಪು, ಗೊಬ್ಬರ ಎಲ್ಲವೂ ತಾವಾಗಿ ಉದುರಿಹೋಗುತ್ತವೆ. ನಿರ್ಲಕ್ಷ್ಯ ನಾಲ್ಕರಲ್ಲೂ ಇದೆ. ಎಲ್ಲ ಸಾಲಿನಲ್ಲೂ ಇರುವ ಸಂಗತಿ ಬೇರೆ ಬೇರೆ ಫಲಿತಾಂಶಕ್ಕೆ ಕಾರಣವಾಗಲಾರದು. ಹಾಗಾಗಿ ನಿರ್ಲಕ್ಷ್ಯ ಇರಲೇಬೇಕಾದ ಅಂಶವಾದರೂ ತೀರ್ಪುಗಳನ್ನು ಬೇರ್ಪಡಿಸುವ ಅಂಶವಲ್ಲ. ಕಸ್ತೂರಿಲಾಲ್ ಸಾಲನ್ನು ಒಂಟಿಯಾಗಿ ಓದಿದ ವಿದ್ಯಾರ್ಥಿಗಳು ‘ಪೊಲೀಸರ ನಿರ್ಲಕ್ಷ್ಯ ಸಾಬೀತಾಗಲಿಲ್ಲ, ಆದ್ದರಿಂದ ದಾವೆ ಬಿತ್ತು’ ಎಂದು ಬರೆಯುವುದುಂಟು. ತೀರ್ಪು ಹೇಳಿದ್ದು ಅದಕ್ಕೆ ತದ್ವಿರುದ್ಧ. ಬೇರ್ಪಡಿಸುವ ಅಂಶ ಇನ್ನೊಂದು: ತಪ್ಪು ಮಾಡುವಾಗ ನೌಕರ ಯಾವ ಅಧಿಕಾರವನ್ನು ಚಲಾಯಿಸುತ್ತಿದ್ದ? ಹಡಗುಕಟ್ಟೆಯ ಕೂಲಿಯಾಳಿಗೆ ವಿಶೇಷ ಅಧಿಕಾರವೇನೂ ಇರಲಿಲ್ಲ. ಜೀಪಿನ ಚಾಲಕನಿಗೂ ಇರಲಿಲ್ಲ. ನಾಗೇಂದ್ರ ರಾವ್‌ನ ಅಧಿಕಾರಿಗಳಿಗೆ ಇದ್ದದ್ದು ಅಗತ್ಯ ವಸ್ತುಗಳ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ. ಮೀರತ್‌ನ ಪೊಲೀಸರ ಕೈಯಲ್ಲಿ ಮಾತ್ರ ಬಂಧಿಸುವ, ಶೋಧಿಸುವ, ವಶಪಡಿಸಿಕೊಳ್ಳುವ ಶಾಸನಬದ್ಧ ಪೊಲೀಸ್ ಅಧಿಕಾರವಿತ್ತು. ಅದನ್ನು ಕೋರ್ಟು ಸಾರ್ವಭೌಮ ಅಧಿಕಾರವೆಂದು ಕರೆಯಿತು.

ಆದ್ದರಿಂದ ಕಸ್ತೂರಿಲಾಲ್ ಸಾಲಿನ ಸಂಗತಿಯ ಮನೆಯಲ್ಲಿ ಇರಬೇಕಾದ್ದು ಇಷ್ಟು: ‘ಶಾಸನ ಕೊಟ್ಟ ಪೊಲೀಸ್ ಅಧಿಕಾರದಡಿ ಮಾಲು ವಶ, ಕಾಪಿಡುವುದರಲ್ಲಿ ನಿರ್ಲಕ್ಷ್ಯ ಸಾಬೀತು, ಮಾಲು ನಾಪತ್ತೆ.’ ಇಲ್ಲಿ ‘ಸಾಬೀತು’ ಎಂಬುದನ್ನು ಬಿಟ್ಟರೆ ಸಾಲು ಸತ್ತಂತೆ. ಜೀಪಿನ ಸಾಲಿನಲ್ಲಿ ‘ವರ್ಕ್‌ಶಾಪಿನಿಂದ ವಾಪಸು’ ಎಂಬುದು ಬೇಕೇ ಬೇಕು, ಸತ್ತವರ ಹೆಸರು ಬೇಡ. ಯಾವ ಸಂಗತಿ ಮುಖ್ಯ ಎಂಬುದನ್ನು ನ್ಯಾಯಾಧೀಶರು ಯಾವುದಕ್ಕೆ ತೂಕ ಕೊಟ್ಟರು ಎಂಬುದರಿಂದ ಗುರುತಿಸಬೇಕೆಂದು ಆರ್ಥರ್ ಗುಡ್‌ಹಾರ್ಟ್ 1930ರ ತಮ್ಮ ಹೆಸರಾಂತ ಪ್ರಬಂಧದಲ್ಲಿ ವಾದಿಸಿದ್ದರು. ಮುಖ್ಯ ಸಂಗತಿಗಳನ್ನೂ ಅವುಗಳ ಮೇಲೆ ಬಂದ ನಿರ್ಣಯವನ್ನೂ ಕೂಡಿಸಿದರೆ ರೇಷಿಯೊ ಸಿಗುತ್ತದೆ ಎಂಬುದು ಅವರ ಸೂತ್ರ. ಆ ವಾದದ ಮೇಲೆ ಮುಂದೆ ಸಾಕಷ್ಟು ಜಗಳ ನಡೆದಿದೆ. ಪರೀಕ್ಷೆಗೆ ಕೂತವರಿಗೆ ಮಾತ್ರ ಅದು ಒಳ್ಳೆಯ ತಪಾಸಣೆ: ರೇಷಿಯೊದ ಮನೆಯಲ್ಲಿ ಬರೆದ ವಾಕ್ಯದ ಪ್ರತಿಯೊಂದು ಷರತ್ತಿಗೂ ಸಂಗತಿಯ ಮನೆಯಲ್ಲಿ ಒಂದು ಜೋಡಿ ಇರಬೇಕು. ಜೋಡಿಯಿಲ್ಲದ ಷರತ್ತು ಕಂಡರೆ ಸಂಗತಿ ಬಿಟ್ಟುಹೋಗಿದೆ. ಜೋಡಿಯಿಲ್ಲದ ಸಂಗತಿ ಕಂಡರೆ ಅದನ್ನು ಹೊಡೆದುಹಾಕಬಹುದು.

ರೇಷಿಯೊದ ಮನೆಯಲ್ಲಿ ಇನ್ನೊಂದು ತೊಡಕಿದೆ. ಒಮ್ಮೆ ಬರೆದ ರೇಷಿಯೊ ಹಾಗೆಯೇ ನಿಲ್ಲುವುದಿಲ್ಲ. ವಿದ್ಯಾವತಿ ತೀರ್ಪನ್ನು 1962ರಲ್ಲಿ ಓದಿದ್ದರೆ, ಬೇರೆ ಯಾವುದೇ ಮಾಲೀಕನಂತೆ ಸರ್ಕಾರವೂ ತನ್ನ ನೌಕರನ ತಪ್ಪಿಗೆ ಹೊಣೆ ಎಂಬ ವಿಶಾಲವಾದ ಮಾತೇ ಕಾಣುತ್ತಿತ್ತು. ಗಣರಾಜ್ಯವಾದ ಮೇಲೆ ಸರ್ಕಾರಕ್ಕೆ ಈ ಹೊಣೆಯಿಂದ ವಿನಾಯಿತಿ ಕೊಡುವುದಕ್ಕೆ ಸಮರ್ಥನೆ ಏನು ಎಂದೂ ಆ ತೀರ್ಪು ಕೇಳಿತ್ತು. ಮೂರೇ ವರ್ಷದಲ್ಲಿ ಕಸ್ತೂರಿಲಾಲ್ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅದನ್ನು ಕಿರಿದು ಮಾಡಿದರು. ರಿಪೇರಿಯಾದ ಜೀಪನ್ನು ಓಡಿಸಿಕೊಂಡು ಬರುವ ಕೆಲಸಕ್ಕೂ ಸಾರ್ವಭೌಮ ಅಧಿಕಾರಕ್ಕೂ ಸಂಬಂಧವಿರಲಿಲ್ಲ, ಆ ತೀರ್ಪು ನಿಲ್ಲುವುದು ಆ ನೆಲೆಯ ಮೇಲೆ ಮಾತ್ರ ಎಂದು ಓದಿದರು. ಎರಡೂ ಐವರ ಪೀಠಗಳೇ. ಇಂಥ ಕಡೆ ರೇಷಿಯೊದ ಮನೆಯಲ್ಲಿ ಎರಡು ಸಾಲು ಬೇಕು: ಅಂದು ಹೇಳಿದ್ದು ಒಂದು, ಆಮೇಲೆ ಓದಿಕೊಂಡದ್ದು ಇನ್ನೊಂದು. ಮೊದಲನೆಯದನ್ನಷ್ಟೇ ಬರೆದುಕೊಂಡವರು ಸರ್ಕಾರದ ವಿರುದ್ಧದ ಎಲ್ಲ ದಾವೆಗೂ ವಿದ್ಯಾವತಿಯನ್ನು ಹಿಡಿದು ಬರುತ್ತಾರೆ. ಎರಡನೆಯದನ್ನಷ್ಟೇ ಬರೆದುಕೊಂಡವರಿಗೆ ವಾದಿಯ ಪರ ವಾದ ಕಟ್ಟಲು ಏನೂ ಉಳಿಯುವುದಿಲ್ಲ.

ಅದೇ ಕಸ್ತೂರಿಲಾಲ್‌ನಲ್ಲಿ ಈ ಸ್ಥಿತಿ ತೃಪ್ತಿಕರವಲ್ಲ, ಶಾಸಕಾಂಗ ಕಾನೂನು ಮಾಡಲಿ ಎಂಬ ಮಾತೂ ಇದೆ. ಅದು ರೇಷಿಯೊ ಅಲ್ಲ, ಒಬಿಟರ್. ಬೇರೆ ಬಣ್ಣದ ಶಾಯಿಯಲ್ಲಿ ಬರೆದರೆ ಸಾಕು. ಪ್ರಬಂಧರೂಪದ ಪ್ರಶ್ನೆ ಬಂದಾಗ ಆ ಒಂದು ಸಾಲು ಚೆನ್ನಾಗಿ ದುಡಿಯುತ್ತದೆ.

ಫಲಿತಾಂಶದ ಮನೆ ಎಲ್ಲಕ್ಕಿಂತ ಸುಲಭ ಅಂದುಕೊಳ್ಳುತ್ತಾರೆ. ವಿದ್ಯಾವತಿ: ಮೇಲ್ಮನವಿ ವಜಾ. ಕಸ್ತೂರಿಲಾಲ್: ಮೇಲ್ಮನವಿ ವಜಾ. ಎರಡೂ ಕಡೆ ಒಂದೇ ಶಬ್ದ. ಆದರೆ ಮೊದಲನೆಯದರಲ್ಲಿ ಮೇಲ್ಮನವಿ ಹೋದದ್ದು ರಾಜಸ್ಥಾನ ಸರ್ಕಾರ, ಆದ್ದರಿಂದ ವಿಧವೆ ಗೆದ್ದರು. ಎರಡನೆಯದರಲ್ಲಿ ಮೇಲ್ಮನವಿ ಹೋದದ್ದು ವ್ಯಾಪಾರಿ, ಆದ್ದರಿಂದ ಸರ್ಕಾರ ಗೆದ್ದಿತು. ಕುದುರೆಗಾಡಿಯದಂತೂ ಮೇಲ್ಮನವಿಯೇ ಅಲ್ಲ. ಸ್ಮಾಲ್ ಕಾಸ್ ಕೋರ್ಟಿನ ನ್ಯಾಯಾಧೀಶರು ಮೇಲಿನ ಕೋರ್ಟಿಗೆ ಕಳಿಸಿದ ಪ್ರಶ್ನೆಗೆ ಬಂದ ಉತ್ತರ ಅದು. ಪರೀಕ್ಷೆಯ ಹಿಂದಿನ ರಾತ್ರಿ ‘ವಜಾ’, ‘ಪುರಸ್ಕೃತ’ ಎಂಬ ಶಬ್ದಗಳ ಮೇಲೆ ಕಣ್ಣಾಡಿಸಿದವರು ಬೆಳಿಗ್ಗೆ ಉಲ್ಟಾ ಬರೆದು ಬರುವುದು ಇಲ್ಲಿಯೇ. ‘ಸರ್ಕಾರ ಹೊಣೆ’ ಅಥವಾ ‘ಸರ್ಕಾರ ಹೊಣೆಯಲ್ಲ’ ಎಂದು ಮೊದಲು ಬರೆದು, ಅದರ ಕೆಳಗೆ ಕೆಳಕೋರ್ಟಿನಿಂದ ಮೇಲಿನವರೆಗೆ ಯಾರು ಎಲ್ಲಿ ಗೆದ್ದರು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಕಸ್ತೂರಿಲಾಲ್‌ನಲ್ಲಿ ವಿಚಾರಣಾ ಕೋರ್ಟು ವ್ಯಾಪಾರಿಯ ಪರ ಡಿಕ್ರಿ ಕೊಟ್ಟಿತ್ತು, ಹೈಕೋರ್ಟ್ ತಿರುಗಿಸಿತ್ತು. ನಾಗೇಂದ್ರ ರಾವ್‌ನಲ್ಲೂ ಹಾಗೆಯೇ ಆಗಿತ್ತು, ಆದರೆ ಅಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ಕೋರ್ಟಿನ ಡಿಕ್ರಿಯನ್ನು ಮತ್ತೆ ಜೀವಂತಗೊಳಿಸಿತು. ಎರಡರ ಹಾದಿಯೂ ಹೈಕೋರ್ಟಿನವರೆಗೆ ಒಂದೇ ಆಗಿದ್ದು, ಕೊನೆಯ ಮೆಟ್ಟಿಲಲ್ಲಿ ಮಾತ್ರ ಅಗಲಿದ್ದು ಇದರಿಂದ ಕಾಣುತ್ತದೆ.

ಮೂರು ಮನೆಗಳು ಎಲ್ಲಿ ಸಾಲದಾಗುತ್ತವೆ ಎಂಬುದಕ್ಕೆ ಮೈಸೂರು ರಾಜ್ಯದಿಂದಲೇ ಹೋದ ಪ್ರಕರಣವೊಂದು ಸಾಕ್ಷಿ. ಬಸವ ಕೋಂ ದ್ಯಾಮನಗೌಡ ಪಾಟೀಲ ಎಂಬವರ ಒಡವೆಗಳು ಕಳುವಾಗಿದ್ದವು. ಪೊಲೀಸರು ಪತ್ತೆ ಹಚ್ಚಿದರು. ಆದರೆ ಪೊಲೀಸರ ವಶದಲ್ಲಿದ್ದಾಗಲೇ ಒಡವೆಗಳು ಮತ್ತೆ ಕಾಣೆಯಾದವು. ಕಸ್ತೂರಿಲಾಲ್‌ನ ಪಕ್ಕ ಇಟ್ಟರೆ ಸಂಗತಿಯ ಮನೆ ಹೆಚ್ಚುಕಡಿಮೆ ತದ್ರೂಪ: ಶಾಸನಬದ್ಧ ಅಧಿಕಾರ, ಪೊಲೀಸ್ ವಶ, ಮಾಲು ನಾಪತ್ತೆ. 1977ರ ಸುಪ್ರೀಂ ಕೋರ್ಟ್ ತೀರ್ಪು ಮಾತ್ರ ಬೆಲೆಯನ್ನು ಸರ್ಕಾರ ಕೊಡಲಿ ಎಂದಿತು. ಕಸ್ತೂರಿಲಾಲ್ ರದ್ದಾಯಿತೇ? ಇಲ್ಲ. ಇದು ಸರ್ಕಾರದ ಮೇಲೆ ಹೂಡಿದ ನಷ್ಟಪರಿಹಾರದ ದಾವೆಯೇ ಆಗಿರಲಿಲ್ಲ. ಕ್ರಿಮಿನಲ್ ಕೋರ್ಟು ತನ್ನ ಮುಂದೆ ಬಂದ ಮಾಲನ್ನು ವಿಲೇವಾರಿ ಮಾಡುವ ಅಧಿಕಾರದಡಿ, 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಹಾಕಿದ ಅರ್ಜಿ ಅದು. ಮಾಲು ಕಳೆದುಹೋಗಿದ್ದು, ಅದನ್ನು ಕಾಪಾಡಲು ತಕ್ಕ ಎಚ್ಚರ ವಹಿಸಲಾಗಿತ್ತು ಎಂದು ಸರ್ಕಾರ ತೋರಿಸದೆಹೋದರೆ ಅದರ ಬೆಲೆಯನ್ನು ಕೊಡಿಸಬಹುದು ಎಂದು ಕೋರ್ಟು ಹೇಳಿತು.

ಸಂಗತಿಗೂ ರೇಷಿಯೊಗೂ ನಡುವೆ ಇನ್ನೊಂದು ಮನೆ ಬೇಕಾಗುವುದು ಈ ಕಾರಣಕ್ಕೆ. ಕೋರ್ಟಿಗೆ ಯಾವ ದಾರಿಯಲ್ಲಿ ಬಂದರು, ಏನು ಕೇಳಿದರು ಎಂಬುದು ಅದರಲ್ಲಿರಬೇಕು. 1993ರ ನೀಲಬತಿ ಬೆಹೆರಾ ಪ್ರಕರಣವನ್ನೂ ಈ ಮನೆಯಿಲ್ಲದೆ ವಿವರಿಸಲಾಗದು. ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದ ತರುಣ ಸತ್ತ, ಸುಪ್ರೀಂ ಕೋರ್ಟ್ ಅವನ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಬಂಧಿಸುವುದಕ್ಕಿಂತ ಸಾರ್ವಭೌಮವಾದ ಕಾರ್ಯ ಇನ್ನಾವುದಿದೆ? ಆದರೆ ತಾಯಿ ಬಂದದ್ದು ಸಂವಿಧಾನದ 32ನೇ ವಿಧಿಯ ದಾರಿಯಲ್ಲಿ, ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು. ಸಾರ್ವಭೌಮತ್ವದ ರಕ್ಷಣೆ ಅಪಕೃತ್ಯದ ದಾವೆಯಲ್ಲಿ ಎತ್ತಬಹುದಾದ ಪ್ರತಿವಾದ, ಈ ದಾರಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದು ಕೋರ್ಟು ಸ್ಪಷ್ಟಪಡಿಸಿತು. ದಾರಿಯ ಮನೆಯಲ್ಲಿ ಇಂದಿನ ಕಲಂ ಸಂಖ್ಯೆಯನ್ನೂ ಬರೆದಿಟ್ಟುಕೊಂಡರೆ ಒಳ್ಳೆಯದು. ಬಸವ ಪ್ರಕರಣದಲ್ಲಿ ಬಂದ 1898ರ ಸಂಹಿತೆಯ 517ನೇ ಕಲಂ 1973ರ ಸಂಹಿತೆಯಲ್ಲಿ 452 ಆಯಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 498.

ಇಷ್ಟು ಮಾಡಿದ ಕೋಷ್ಟಕ ಪ್ರಶ್ನೆಯೆದುರು ಹೇಗೆ ನಡೆದುಕೊಳ್ಳುತ್ತದೆ? ಒಂದು ಸಮಸ್ಯೆ ಹೀಗಿರಲಿ: ಶಿವಮೊಗ್ಗದ ವ್ಯಾಪಾರಿಯೊಬ್ಬರ ಅಡಿಕೆ ಮೂಟೆಗಳನ್ನು ಕದ್ದ ಮಾಲೆಂಬ ಶಂಕೆಯ ಮೇಲೆ ಪೊಲೀಸರು ವಶಪಡಿಸಿಕೊಂಡು ಠಾಣೆಯ ಹಿಂದಿನ ಬಯಲಿನಲ್ಲಿ ಪೇರಿಸಿದರು. ಪ್ರಕರಣ ಬಿದ್ದುಹೋಗಿ, ಮಾಲು ಹಿಂದಿರುಗಿಸಿ ಎಂದು ಮ್ಯಾಜಿಸ್ಟ್ರೇಟರು ಜೂನ್ ಮೊದಲ ವಾರ ಆದೇಶಿಸಿದರು. ಠಾಣೆಯವರು ಆಗಸ್ಟ್‌ವರೆಗೆ ಕೊಡಲಿಲ್ಲ. ಮಳೆಗೆ ಅಡಿಕೆ ಕೊಳೆಯಿತು. ಸರ್ಕಾರ ಹೊಣೆಯೇ?

ಸಾರಾಂಶದ ಪಟ್ಟಿ ಹಿಡಿದ ವಿದ್ಯಾರ್ಥಿಗೆ ‘ಪೊಲೀಸರು, ವಶ, ಮಾಲು’ ಎಂಬ ಮೂರು ಶಬ್ದ ಸಿಕ್ಕಿದ ಕೂಡಲೇ ಕಸ್ತೂರಿಲಾಲ್ ನೆನಪಾಗುತ್ತದೆ. ‘ಹೊಣೆಯಲ್ಲ’ ಎಂದು ಬರೆದು ಮುಗಿಸುತ್ತಾನೆ. ಕೋಷ್ಟಕವನ್ನು ಮೇಲಿಂದ ಕೆಳಗೆ ಓದಿದವಳು ಮೊದಲು ವಶಪಡಿಸಿಕೊಂಡ ಅಧಿಕಾರ ಯಾವುದೆಂದು ನೋಡುತ್ತಾಳೆ. ಅದು ಪೊಲೀಸ್ ಅಧಿಕಾರವೇ, ಆ ಮಟ್ಟಿಗೆ ಕಸ್ತೂರಿಲಾಲ್ ಹತ್ತಿರ. ಆಮೇಲೆ ನಷ್ಟ ಯಾವಾಗ ಆಯಿತೆಂದು ನೋಡುತ್ತಾಳೆ. ನಾಗೇಂದ್ರ ರಾವ್‌ನಲ್ಲಿದ್ದಂತೆ ಇಲ್ಲಿಯೂ ಹಿಂದಿರುಗಿಸುವ ಆದೇಶವಾಗಿ, ಅದನ್ನು ಪಾಲಿಸದಿದ್ದಾಗ ಮಾಲು ಹಾಳಾಗಿದೆ. ಮೀರತ್‌ನಲ್ಲಿ ಹಾಗಿರಲಿಲ್ಲ. ಮ್ಯಾಜಿಸ್ಟ್ರೇಟರ ಆದೇಶವಾದ ಮೇಲೆ ಮಾಲನ್ನು ಇಟ್ಟುಕೊಂಡದ್ದು ಯಾವ ಸಾರ್ವಭೌಮ ಕಾರ್ಯ ಎಂದು ವಾದಿಯ ಪರವಾಗಿ ಕೇಳಬಹುದು. ಆದರೆ ಸರ್ಕಾರದ ಪರ ವಕೀಲರಿಗೆ ಇಲ್ಲಿ ಗಟ್ಟಿ ಉತ್ತರವಿದೆ. ನಾಗೇಂದ್ರ ರಾವ್ ತೀರ್ಪು ಅಗತ್ಯ ವಸ್ತುಗಳ ವ್ಯಾಪಾರದ ನಿಯಂತ್ರಣಕ್ಕೆ ಸಂಬಂಧಿಸಿದ್ದು. ಕಾನೂನು ಸುವ್ಯವಸ್ಥೆ, ಅಪರಾಧ ತಡೆಯಂಥ ಮೂಲಕಾರ್ಯಗಳನ್ನು ಅದೇ ತೀರ್ಪು ಬೇರೆಯಾಗಿ ಇಟ್ಟಿದೆ. ಮೇಲಾಗಿ ಅದು ಐವರಿಗಿಂತ ಚಿಕ್ಕ ಪೀಠದ ತೀರ್ಪು, ಕಸ್ತೂರಿಲಾಲ್‌ನ್ನು ರದ್ದು ಮಾಡುವ ಶಕ್ತಿ ಅದಕ್ಕಿಲ್ಲ. 2000ದ ಚಲ್ಲಾ ರಾಮಕೃಷ್ಣ ರೆಡ್ಡಿ ಪ್ರಕರಣದಲ್ಲಿ ಇನ್ನೊಂದು ಚಿಕ್ಕ ಪೀಠ ಕಸ್ತೂರಿಲಾಲ್‌ಗೆ ಈಗ ಹಿಂದಿನ ಬೆಲೆಯಿಲ್ಲವೆಂದಿತು. ಆದರೆ ಅದು ಸಬ್‌ಜೈಲಿನಲ್ಲಿದ್ದ ಕೈದಿಯ ಜೀವದ ಪ್ರಶ್ನೆ, ಮಾಲಿನದಲ್ಲ. ಪೀಠದ ಗಾತ್ರವನ್ನು ಹೆಸರಿನ ಪಕ್ಕದಲ್ಲೇ ಬರೆದಿಟ್ಟುಕೊಂಡಿದ್ದರೆ ಮಾತ್ರ ಈ ತೂಗಾಟ ಹೊಳೆಯುವುದು. ಕೊನೆಗೆ ದಾರಿಯ ಮನೆ ನೋಡಿ, ವ್ಯಾಪಾರಿ ಸಿವಿಲ್ ದಾವೆಗೆ ಬದಲು ಮ್ಯಾಜಿಸ್ಟ್ರೇಟರ ಬಳಿಗೇ ವಾಪಸು ಹೋಗಿ ಬಸವ ಪ್ರಕರಣದ ಆಧಾರದ ಮೇಲೆ ಬೆಲೆ ಕೇಳುವುದು ಹೆಚ್ಚು ಭದ್ರ ಎಂದು ಆಕೆ ಸೇರಿಸುತ್ತಾಳೆ. ಅವನೂ ಅವಳೂ ಓದಿದ್ದು ಅವೇ ತೀರ್ಪುಗಳನ್ನು.

ಈ ವಿಧಾನಕ್ಕೂ ಮಿತಿಯಿದೆ. ಒಂದೇ ದನಿಯಲ್ಲಿ ಬಂದ ತೀರ್ಪುಗಳಿಗೆ ಕೋಷ್ಟಕ ಒಗ್ಗುತ್ತದೆ. ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಬರೆದ ಕಡೆ ರೇಷಿಯೊದ ಮನೆಯಲ್ಲಿ ಒಂದು ವಾಕ್ಯ ಬರೆಯುವುದೇ ದುಸ್ಸಾಹಸ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳು 11 ತೀರ್ಪು ಬರೆದರು. ಏಳಕ್ಕೆ ಆರರ ಬಹುಮತ ತೂಗಿದ್ದು ನ್ಯಾಯಮೂರ್ತಿ ಖನ್ನಾ ಅವರ ಅಭಿಪ್ರಾಯದ ಮೇಲೆ. ಅದರ ಅರ್ಥವೇನೆಂದು ಖನ್ನಾ ಅವರೇ 1975ರ ಚುನಾವಣಾ ಪ್ರಕರಣದಲ್ಲಿ ಮತ್ತೊಮ್ಮೆ ವಿವರಿಸಬೇಕಾಯಿತು. ಇಂಥದಕ್ಕೆ ಪ್ರಶ್ನೆಯೊಂದಕ್ಕೆ ಒಂದು ಕೋಷ್ಟಕ, ನ್ಯಾಯಮೂರ್ತಿಯೊಬ್ಬರಿಗೆ ಒಂದು ಸಾಲು ಎಂದು ಬೇರೆಯೇ ಹಾಳೆ ಬೇಕು. ಫಲಿತಾಂಶದ ಮನೆಯನ್ನೂ ಅಲ್ಲಿ ಎರಡಾಗಿ ಸೀಳಬೇಕಾಗುತ್ತದೆ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ತಿದ್ದುವಂತಿಲ್ಲ ಎಂಬ ತತ್ವ ಗೆದ್ದಿತು. ಆದರೆ ಕೇರಳದ ಭೂಸುಧಾರಣಾ ತಿದ್ದುಪಡಿಗಳಿಗೆ ಒಂಬತ್ತನೇ ಪರಿಚ್ಛೇದದ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯನ್ನು ಅದೇ ತೀರ್ಪು ಎತ್ತಿಹಿಡಿಯಿತು. ಸ್ವಾಮೀಜಿ ಕೋರ್ಟಿಗೆ ಹೋಗಿದ್ದದ್ದೇ ಆ ಭೂಸುಧಾರಣೆಯ ವಿರುದ್ಧ.